ಪಹಣಿಯಲ್ಲಿ ಹೆಸರು ಬಿಟ್ಟುಹೋದರೆ ಮೂರು ದಾರಿ

ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಯಲ್ಲಿ ಅಣ್ಣನ ಹೆಸರು ಮಾತ್ರ ಸೇರಿದೆ, ತಂಗಿಯ ತಕರಾರನ್ನು ತಹಶೀಲ್ದಾರರು ತಳ್ಳಿಹಾಕಿದ್ದಾರೆ ಎಂದುಕೊಳ್ಳಿ. ಆಕೆಗಿರುವ ದಾರಿಗಳಿವು:

| | ಮೇಲ್ಮನವಿ | ರಿವಿಷನ್ | ನ್ಯಾಯಾಂಗ ಪರಿಶೀಲನೆ |
|---|---|---|---|
| ಎಲ್ಲಿ | ಉಪವಿಭಾಗಾಧಿಕಾರಿ | ಜಿಲ್ಲಾಧಿಕಾರಿ | ಹೈಕೋರ್ಟ್ |
| ಅಧಿಕಾರದ ಮೂಲ | ಭೂಕಂದಾಯ ಕಾಯ್ದೆ 1964, ಕಲಂ 136(2) | ಅದೇ ಕಾಯ್ದೆ, 136(3) | ಸಂವಿಧಾನದ 226, 227ನೇ ವಿಧಿ |
| ವ್ಯಾಪ್ತಿ | ಸಂಗತಿ, ಕಾನೂನು ಎರಡೂ | ದಾಖಲೆ ತರಿಸಿ ಆದೇಶದ ಸರಿತಪ್ಪು ನೋಡುವುದು | ಅಧಿಕಾರ ಮೀರಿದರೇ, ಅಹವಾಲು ಕೇಳಿದರೇ |
| ಪರಿಹಾರ | ಆದೇಶ ಬದಲು ಅಥವಾ ರದ್ದು | ತಿದ್ದುಪಡಿ ಅಥವಾ ರದ್ದು | ಸಾಮಾನ್ಯವಾಗಿ ರದ್ದುಪಡಿಸಿ ಮರುವಿಚಾರಣೆಗೆ ವಾಪಸ್ |

ಮೇಲ್ಮನವಿ ಆಕೆಗೆ ಕಾನೂನೇ ಕೊಟ್ಟ ಹಕ್ಕು. ಆದೇಶ ತಲುಪಿದ 60 ದಿನದೊಳಗೆ ಸಲ್ಲಿಸಬೇಕು. ವಂಶವೃಕ್ಷದಲ್ಲಿ ತನ್ನ ಹೆಸರಿದೆ ಎಂದು ತೋರಿಸಲು ಇದೇ ಸರಿಯಾದ ಜಾಗ. ಜಿಲ್ಲಾಧಿಕಾರಿಗಳು ಅರ್ಜಿಯಿಲ್ಲದೆಯೂ ಕಡತ ತರಿಸಿಕೊಳ್ಳಬಹುದು, ಆದರೆ ಆದೇಶದಿಂದ ಬಾಧಿತರಾಗುವವರನ್ನು ಕೇಳದೆ ಆದೇಶ ಮಾಡುವಂತಿಲ್ಲ. ಹೈಕೋರ್ಟ್ ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ; ಮೇಲ್ಮನವಿಯ ದಾರಿ ಬಿಟ್ಟು ನೇರವಾಗಿ ಬಂದವರನ್ನು ಸಾಮಾನ್ಯವಾಗಿ ಅಲ್ಲಿಗೇ ಕಳಿಸುತ್ತದೆ. ತಂಗಿಗೆ ನೋಟಿಸೇ ಕೊಟ್ಟಿರದಿದ್ದರೆ ರಿಟ್ ಅರ್ಜಿಗೆ ಬಲವಿರುತ್ತದೆ.

ಈ ಮೂರರಲ್ಲಿ ಯಾವುದೂ ಜಮೀನಿನ ಒಡೆತನವನ್ನು ತೀರ್ಮಾನಿಸುವುದಿಲ್ಲ. ಪಾಲು ಬೇಕಿದ್ದರೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕು. ಅಲ್ಲಿನ ಡಿಕ್ರಿಯಂತೆಯೇ ಪಹಣಿ ತಿದ್ದುಪಡಿಯಾಗುತ್ತದೆ.