ಬಲದಿಂದ ಎಡಕ್ಕೆ ತುಂಬುವ ಸಾಲು

4, 5, 6, 7, 8 ಕಿಲೋ ತೂಗುವ ಐದು ಗಂಟುಗಳಿವೆ. ಇಬ್ಬರು ಹೊರಬೇಕು, ಇಬ್ಬರ ಹೊರೆಯೂ ಸಮಸಮ ಇರಬೇಕು, ಯಾವ ಗಂಟನ್ನೂ ಬಿಚ್ಚುವಂತಿಲ್ಲ. ಸಾಮಾನ್ಯವಾಗಿ ಎಲ್ಲರಿಗೂ ಮೊದಲು ಹೊಳೆಯುವ ದಾರಿ ಒಂದೇ. ದೊಡ್ಡ ಗಂಟಿನಿಂದ ಶುರುಮಾಡಿ, ಪ್ರತಿ ಸಲವೂ ಯಾರ ಹೊರೆ ಹಗುರವಾಗಿದೆಯೋ ಅವರಿಗೆ ಮುಂದಿನದನ್ನು ಕೊಡುತ್ತ ಹೋಗುವುದು. 8 ಮೊದಲನೆಯವನಿಗೆ, 7 ಎರಡನೆಯವನಿಗೆ. ಎರಡನೆಯವನದೇ ಹಗುರವಾದ್ದರಿಂದ 6 ಕೂಡ ಅವನಿಗೆ. ಅವನ ಹೊರೆ 13 ಆಯಿತು. ಈಗ 5 ಮೊದಲನೆಯವನಿಗೆ, ಅವನದೂ 13. ಉಳಿದ 4 ಯಾರ ಪಾಲಿಗೆ ಹೋದರೂ ಒಬ್ಬನಿಗೆ 17, ಇನ್ನೊಬ್ಬನಿಗೆ 13. ಆದರೆ 8 ಮತ್ತು 7ನ್ನು ಒಬ್ಬನಿಗೇ ಕೊಟ್ಟು, 4, 5, 6ನ್ನು ಇನ್ನೊಬ್ಬನಿಗೆ ಕೊಟ್ಟರೆ ಇಬ್ಬರಿಗೂ ಸರಿಯಾಗಿ 15 ಬರುತ್ತದೆ.

ಆ ದಾರಿಯ ದೋಷವೆಂದರೆ, 8 ಮತ್ತು 7ನ್ನು ಬೇರೆ ಬೇರೆ ಮಾಡಿದ ಮೇಲೆ ಅದು ಹಿಂದಿರುಗಿ ನೋಡುವುದೇ ಇಲ್ಲ. ಹಾಗಂತ ಎಲ್ಲ ಸಾಧ್ಯತೆಗಳನ್ನೂ ಪರೀಕ್ಷಿಸೋಣವೆಂದರೆ, ಐದು ಗಂಟಿಗೆ 16 ಬಗೆಯ ಹಂಚಿಕೆ ಇದ್ದದ್ದು ಐವತ್ತು ಗಂಟಿಗೆ ಐನೂರು ಲಕ್ಷ ಕೋಟಿಯನ್ನೂ ಮೀರುತ್ತದೆ. ಒಂದೊಂದು ಗಂಟು ಸೇರಿದಾಗಲೂ ಲೆಕ್ಕ ಇಮ್ಮಡಿಯಾಗುತ್ತದೆ.

ಪ್ರೋಗ್ರಾಮಿಂಗ್ ಕಲಿಯುವವರಿಗೆ ಇದೇ ಪ್ರಶ್ನೆ ಗಂಟುಗಳಿಲ್ಲದೆ ಎದುರಾಗುತ್ತದೆ: ಧನಾತ್ಮಕ ಪೂರ್ಣಾಂಕಗಳ ಒಂದು ಅರೇ ಕೊಟ್ಟಿದ್ದಾರೆ, ಅದನ್ನು ಸಮ ಮೊತ್ತದ ಎರಡು ಗುಂಪುಗಳಾಗಿ ಒಡೆಯಬಹುದೇ? ಮೊದಲ ಹೆಜ್ಜೆ ಎಲ್ಲವನ್ನೂ ಕೂಡುವುದು. ಮೊತ್ತ ಬೆಸ ಸಂಖ್ಯೆಯಾಗಿದ್ದರೆ ಅಲ್ಲಿಗೇ ಕೆಲಸ ಮುಗಿಯಿತು, ಸಾಧ್ಯವಿಲ್ಲ. ಸಮ ಸಂಖ್ಯೆಯಾಗಿದ್ದರೆ ಅರ್ಧ ಮಾಡಬೇಕು. ನಮ್ಮ ಉದಾಹರಣೆಯಲ್ಲಿ ಮೊತ್ತ 30, ಅರ್ಧ 15. ಇಲ್ಲಿಂದ ಮುಂದೆ ಎರಡು ಗುಂಪುಗಳ ಯೋಚನೆಯನ್ನೇ ಬಿಟ್ಟುಬಿಡಬಹುದು. ಯಾವುದೋ ಕೆಲವು ಸಂಖ್ಯೆಗಳು ಕೂಡಿ 15 ಆದರೆ, ಉಳಿದವು ತಾವಾಗಿಯೇ 15 ಆಗುತ್ತವೆ. ಹಾಗಾಗಿ 15 ಕಿಲೋ ಹಿಡಿಯುವ ಒಂದು ಚೀಲವನ್ನು ಈ ಗಂಟುಗಳಿಂದ ಸರಿಯಾಗಿ ತುಂಬಬಹುದೇ ಎಂಬುದಷ್ಟೇ ಪ್ರಶ್ನೆ. ಗಣಕ ವಿಜ್ಞಾನದಲ್ಲಿ ನ್ಯಾಪ್‌ಸ್ಯಾಕ್ ಎಂದು ಕರೆಯುವ ಲೆಕ್ಕಗಳ ಕುಟುಂಬಕ್ಕೆ ಇದು ಸೇರಿದ್ದು.

ಈಗ 0ಯಿಂದ 15ರವರೆಗೆ ಸಂಖ್ಯೆ ಬರೆದ ಹದಿನಾರು ಮನೆಗಳ ಒಂದು ಸಾಲು ಹಾಕಿಕೊಳ್ಳಿ. ಒಂದು ಮನೆಗೆ ಗುರುತು ಬಿತ್ತೆಂದರೆ, ಇಲ್ಲಿಯವರೆಗೆ ನೋಡಿದ ಸಂಖ್ಯೆಗಳಲ್ಲಿ ಕೆಲವನ್ನು ಆರಿಸಿ ಆ ಮೊತ್ತವನ್ನು ಮುಟ್ಟಬಹುದು ಎಂದರ್ಥ. ಏನನ್ನೂ ಆರಿಸದಿದ್ದರೆ ಮೊತ್ತ 0, ಆದ್ದರಿಂದ 0ಯ ಮನೆಗೆ ಮೊದಲೇ ಗುರುತು ಇರುತ್ತದೆ. ಅದನ್ನು ಹಾಕುವುದು ಮರೆತರೆ ಸಾಲು ಕೊನೆಯವರೆಗೂ ಖಾಲಿಯೇ ಉಳಿಯುತ್ತದೆ, ಏಕೆಂದರೆ ಪ್ರತಿ ಹೊಸ ಗುರುತೂ ಹಳೆಯ ಗುರುತೊಂದರಿಂದಲೇ ಹುಟ್ಟಬೇಕು.

4 ಬಂತು. 0ಗೆ 4 ಕೂಡಿದರೆ 4. ಈಗ ಗುರುತಿರುವ ಮನೆಗಳು 0, 4. ಮುಂದೆ 5 ಬಂತು. ಇರುವ ಪ್ರತಿ ಗುರುತಿಗೂ 5 ಕೂಡಿದರೆ 5 ಮತ್ತು 9 ಸಿಗುತ್ತವೆ. ಈಗ 0, 4, 5, 9. ಆಮೇಲೆ 6 ಬಂತು. 6, 10, 11, 15 ಹೊಸದಾಗಿ ಸೇರುತ್ತವೆ. 15ರ ಮನೆಗೆ ಗುರುತು ಬಿದ್ದೇಬಿಟ್ಟಿತು. 7 ಮತ್ತು 8ನ್ನು ನಾವಿನ್ನೂ ಮುಟ್ಟಿಯೂ ಇಲ್ಲ, ಮುಟ್ಟಬೇಕಾಗಿಯೂ ಇಲ್ಲ.

ಈ ಉಪಾಯದ ಹಿಂದಿರುವುದು 1950ರ ದಶಕದಲ್ಲಿ ರಿಚರ್ಡ್ ಬೆಲ್‌ಮನ್ ಬೆಳೆಸಿದ ಡೈನಮಿಕ್ ಪ್ರೋಗ್ರಾಮಿಂಗ್. 4 ಮತ್ತು 5 ಕೂಡಿ 9 ಆಯಿತೋ, ಒಂದೇ 9 ಇತ್ತೋ, ಮುಂದಿನ ಲೆಕ್ಕಕ್ಕೆ ಅದರಿಂದ ವ್ಯತ್ಯಾಸವಿಲ್ಲ; 9 ಮುಟ್ಟಬಹುದು ಎಂಬುದಷ್ಟೇ ಸಾಕು. ಒಂದೇ ಮೊತ್ತಕ್ಕೆ ಬರುವ ಸಾವಿರಾರು ಆಯ್ಕೆಗಳು ಒಂದೇ ಮನೆಯೊಳಗೆ ಸೇರಿಹೋಗುವುದರಿಂದಲೇ ಆ ಇಮ್ಮಡಿಯ ಕಾಟ ತಪ್ಪುತ್ತದೆ.

ಪಠ್ಯಪುಸ್ತಕಗಳಲ್ಲಿ ಇದನ್ನು ಸಾಮಾನ್ಯವಾಗಿ ಎರಡು ಆಯಾಮದ ಕೋಷ್ಟಕವಾಗಿ ಬರೆಯುತ್ತಾರೆ. ಪ್ರತಿ ಸಂಖ್ಯೆಗೂ ಒಂದು ಸಾಲು, ಪ್ರತಿ ಮೊತ್ತಕ್ಕೂ ಒಂದು ಕಂಬಸಾಲು. ಆದರೆ ಯಾವ ಸಾಲನ್ನು ತುಂಬುವಾಗಲೂ ಅದರ ಮೇಲಿನ ಒಂದೇ ಸಾಲನ್ನು ನೋಡಿದರೆ ಸಾಕು; ಅದಕ್ಕಿಂತ ಹಿಂದಿನವು ಮತ್ತೆ ಬೇಕಾಗುವುದಿಲ್ಲ. ಹಾಗಿದ್ದ ಮೇಲೆ ಅಷ್ಟೊಂದು ಸಾಲು ಏಕೆ, ಒಂದನ್ನೇ ಮತ್ತೆ ಮತ್ತೆ ತಿದ್ದಬಹುದಲ್ಲ? ತಿದ್ದಬಹುದು. ಆದರೆ ತಿದ್ದುವ ದಿಕ್ಕು ತಪ್ಪಿದರೆ ಉತ್ತರವೂ ತಪ್ಪುತ್ತದೆ. ಈ ವಿಧಾನದಲ್ಲಿ ನಿಜವಾಗಿ ಅರ್ಥಮಾಡಿಕೊಳ್ಳಬೇಕಾದದ್ದು ಇದೊಂದೇ ಎಂಬುದು ನನ್ನ ಅಭಿಪ್ರಾಯ. ಬಹಳ ಕಡೆ ಇದನ್ನು ಕಾರಣ ಹೇಳದೆ ಒಂದು ನಿಯಮವೆಂಬಂತೆ ಒಪ್ಪಿಸಿ ಮುಂದೆ ಹೋಗುತ್ತಾರೆ.

2, 2, 3, 5 ಎಂಬ ಅರೇ ತೆಗೆದುಕೊಳ್ಳಿ. ಮೊತ್ತ 12, ಗುರಿ 6. ಮೊದಲ 2 ಕೈಗೆ ಬಂದಾಗ ಸಾಲನ್ನು ಎಡದಿಂದ ಬಲಕ್ಕೆ ತಿದ್ದುತ್ತ ಹೋಗೋಣ. 2ರ ಮನೆಗೆ ಬಂದೆವು. ಎರಡು ಮನೆ ಹಿಂದಿರುವ 0ಗೆ ಗುರುತಿದೆ, ಹಾಗಾಗಿ 2ಕ್ಕೂ ಗುರುತು. 4ರ ಮನೆಗೆ ಬಂದೆವು. ಎರಡು ಮನೆ ಹಿಂದಿರುವ 2ಕ್ಕೆ ಗುರುತಿದೆ, ಹಾಗಾಗಿ 4ಕ್ಕೂ ಗುರುತು. ಆದರೆ 2ರ ಆ ಗುರುತು ಈಗ ತಾನೇ ಇದೇ ಗಂಟಿನಿಂದ ಬಿದ್ದದ್ದು! ಇನ್ನೊಂದು ಜಿಗಿತಕ್ಕೆ 6ಕ್ಕೂ ಗುರುತು ಬೀಳುತ್ತದೆ. ಒಂದೇ ಒಂದು 2ನ್ನು ಮೂರು ಸಲ ಬಳಸಿಕೊಂಡು, ಅರೇಯಲ್ಲಿರುವ ಉಳಿದ ಸಂಖ್ಯೆಗಳನ್ನು ನೋಡದೆಯೇ, ಸಾಲು ‘ಆಗುತ್ತದೆ’ ಎಂದುಬಿಟ್ಟಿತು. ನಿಜದಲ್ಲಿ ಈ ನಾಲ್ಕು ಸಂಖ್ಯೆಗಳಿಂದ 6 ಮಾಡಲು ಸಾಧ್ಯವೇ ಇಲ್ಲ.

ಈಗ ಬಲತುದಿಯಿಂದ ಬನ್ನಿ. 6ರ ಮನೆ ನಾಲ್ಕನ್ನು ಕೇಳುತ್ತದೆ, ಅಲ್ಲಿ ಗುರುತಿಲ್ಲ. 4ರ ಮನೆ ಎರಡನ್ನು ಕೇಳುತ್ತದೆ; ಅಲ್ಲಿಯೂ ಇಲ್ಲ. 2ರ ಮನೆ 0ಯನ್ನು ಕೇಳುತ್ತದೆ, ಇದೆ. ಹೊಸ ಗುರುತು ಅದೊಂದೇ. ಪ್ರತಿ ಮನೆಯೂ ತನ್ನ ಎಡಕ್ಕಿರುವ ಮನೆಯನ್ನೇ ಕೇಳುವುದು. ಬಲದಿಂದ ಬರುವಾಗ ಎಡಗಡೆಯ ಮನೆಗಳನ್ನು ಈ ಸುತ್ತಿನಲ್ಲಿ ಇನ್ನೂ ತಿದ್ದಿರುವುದಿಲ್ಲ. ಅಂದರೆ ಸಾಲಿನ ಎಡಭಾಗವೇ ಹಳೆಯ ಸಾಲಾಗಿ ಉಳಿದಿರುತ್ತದೆ. ಎರಡನೆಯ 2 ಬಂದ ಮೇಲೆ 0, 2, 4. 3 ಬಂದ ಮೇಲೆ 0, 2, 3, 4, 5. ಕೊನೆಯ 5 ಬಂದಾಗ ಹೊಸದೇನೂ ಸೇರುವುದಿಲ್ಲ. 6ರ ಮನೆ ಖಾಲಿ.

```python
def can_split(nums):
    total = sum(nums)
    if total % 2:
        return False
    half = total // 2
    dp = [False] * (half + 1)
    dp[0] = True
    for x in nums:
        for s in range(half, x - 1, -1):
            if dp[s - x]:
                dp[s] = True
    return dp[half]
```

ಇದರಲ್ಲಿ `range(half, x - 1, -1)` ಎಂಬ ತುಂಡೇ ಬಲದಿಂದ ಎಡಕ್ಕೆ ನಡೆಸುವುದು. ಅದನ್ನು ತಿರುಗಿಸಿ ಬರೆದರೆ ಪ್ರೋಗ್ರಾಂ ನಿಲ್ಲುವುದಿಲ್ಲ, ಯಾವ ದೂರನ್ನೂ ಹೇಳುವುದಿಲ್ಲ. ನಮ್ಮ ಐದು ಗಂಟುಗಳನ್ನು ಕೊಟ್ಟರೆ ‘ಆಗುತ್ತದೆ’ ಎಂಬ ಸರಿಯುತ್ತರವನ್ನೇ ಕೊಡುತ್ತದೆ. ಒಳಗೆ ಮಾತ್ರ 5ನ್ನು ಮೂರು ಸಲ ಕೂಡಿ 15 ಮಾಡಿಕೊಂಡಿರುತ್ತದೆ. ಆದ್ದರಿಂದ ‘ಆಗುತ್ತದೆ’ ಎಂಬ ಉತ್ತರದ ಉದಾಹರಣೆಗಳಿಂದ ಈ ತಪ್ಪು ಎಂದಿಗೂ ಬಯಲಾಗುವುದಿಲ್ಲ. 2, 2, 3, 5ರಂತೆ ಮೊತ್ತ ಸಮ ಸಂಖ್ಯೆಯಾಗಿದ್ದೂ ಒಡೆಯಲಾಗದ ಅರೇಯೊಂದನ್ನು ಕೊಟ್ಟು ನೋಡಬೇಕು. ಎಡದಿಂದ ಬಲದ ನಡಿಗೆಗೂ ಅದರದೇ ಜಾಗವಿದೆ. ಎಷ್ಟು ಬೇಕಾದರೂ ಸಿಗುವ 2 ಮತ್ತು 5 ರೂಪಾಯಿ ನಾಣ್ಯಗಳಿಂದ ಇಂಥ ಮೊತ್ತವನ್ನು ಕೊಡಬಹುದೇ ಎಂದು ಕೇಳಿದರೆ ಆ ದಿಕ್ಕೇ ಸರಿ, ಏಕೆಂದರೆ ಅಲ್ಲಿ ಒಂದೇ ನಾಣ್ಯವನ್ನು ಮತ್ತೆ ಮತ್ತೆ ಎಣಿಸುವುದೇ ನಮ್ಮ ಉದ್ದೇಶ.

ಒಂದೇ ಸಾಲು ಇಟ್ಟುಕೊಂಡದ್ದರಿಂದ ಜಾಗ ಉಳಿಯಿತು, ಜೊತೆಗೆ ಒಂದು ಮಾಹಿತಿಯೂ ಕಳೆದುಹೋಯಿತು. 15 ಮುಟ್ಟಬಹುದು ಎಂದು ಸಾಲು ಹೇಳುತ್ತದೆ, ಯಾವ ಗಂಟುಗಳಿಂದ ಎಂದು ಹೇಳುವುದಿಲ್ಲ. ಅದೂ ಬೇಕಿದ್ದರೆ ಪಕ್ಕದಲ್ಲಿ ಇನ್ನೊಂದು ಸಾಲು ಇಟ್ಟು, ಪ್ರತಿ ಮನೆಗೆ ಮೊದಲ ಸಲ ಗುರುತು ಬಿದ್ದಾಗ ಯಾವ ಸಂಖ್ಯೆಯಿಂದ ಬಿತ್ತೆಂದು ಬರೆದಿಡಬೇಕು. 15ರ ಮನೆಯಲ್ಲಿ 6 ಎಂದಿದೆ. 15ರಲ್ಲಿ 6 ಕಳೆದರೆ 9. ಅಲ್ಲಿ 5 ಎಂದಿದೆ. 9ರಲ್ಲಿ 5 ಕಳೆದರೆ 4. ಅಲ್ಲಿ 4 ಎಂದಿದೆ, ಉಳಿದದ್ದು 0. ಮೊದಲ ಸಲದ ಬರಹವನ್ನು ಆಮೇಲೆ ಅಳಿಸಿ ಬರೆಯಬಾರದು. ಅಳಿಸಿದರೆ ಹಿಂದಕ್ಕೆ ಬರುವ ಈ ದಾರಿ ಒಂದೇ ಗಂಟನ್ನು ಎರಡು ಸಲ ಹಾಯ್ದುಬಿಡಬಹುದು.

ಸಮಪಾಲು ಆಗದಿದ್ದಾಗಲೂ ಸಾಲು ವ್ಯರ್ಥವಲ್ಲ. 2, 2, 3, 5ರ ಸಾಲಿನಲ್ಲಿ 6ರಿಂದ ಎಡಕ್ಕೆ ನೋಡಿದರೆ ಮೊದಲು ಸಿಗುವ ಗುರುತು 5. ಹಾಗಾಗಿ 5 ಮತ್ತು 7 ಎಂಬ ಹಂಚಿಕೆಗಿಂತ ಸಮೀಪದ್ದು ಇನ್ನೊಂದಿಲ್ಲ. ನಿಜವಾದ ಪಾಲುಪಟ್ಟಿಗಳಲ್ಲಿ ಸರಿಸಮ ಭಾಗ ಸಿಗುವುದು ಅಪರೂಪವಾದ್ದರಿಂದ ಈ ಉಪಯೋಗವೇ ದೊಡ್ಡದು ಎನಿಸುತ್ತದೆ.

ಕೆಲಸ ಎಷ್ಟಾಗುತ್ತದೆ? ಸಂಖ್ಯೆಗಳ ಎಣಿಕೆಯನ್ನು ಅರ್ಧ ಮೊತ್ತದಿಂದ ಗುಣಿಸಿದಷ್ಟು. ತಲಾ 100ನ್ನು ಮೀರದ 200 ಸಂಖ್ಯೆಗಳಿದ್ದರೆ ಅರ್ಧ ಮೊತ್ತ ಹೆಚ್ಚೆಂದರೆ 10,000, ಹೆಜ್ಜೆಗಳು ಹೆಚ್ಚೆಂದರೆ 20 ಲಕ್ಷ. ಇಂದಿನ ಕಂಪ್ಯೂಟರಿಗೆ ಅದು ಏನೂ ಅಲ್ಲ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಗಂಟುಗಳು ಎಷ್ಟಿವೆ ಎಂಬುದಷ್ಟೇ ಅಲ್ಲ, ಅವು ಎಷ್ಟು ದೊಡ್ಡವು ಎಂಬುದೂ ಕೂಡ. ರೂಪಾಯಿಯಲ್ಲಿದ್ದ ಮೊತ್ತಗಳನ್ನು ಪೈಸೆಯಲ್ಲಿ ಬರೆದರೆ ಸಾಲು ನೂರು ಪಟ್ಟು ಉದ್ದವಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಎಲ್ಲ ತೂಕಗಳೂ 50ರ ಗುಣಕಗಳಾಗಿದ್ದರೆ ಮೊದಲೇ 50ರಿಂದ ಭಾಗಿಸಿಕೊಳ್ಳುವುದು ಜಾಣತನ. ಭಾಗಿಸಲು ಬಾರದ ಹನ್ನೆರಡು ಅಂಕಿಗಳ ಸಂಖ್ಯೆಗಳಿದ್ದರೆ ಸಾಲಿಗೆ ಲಕ್ಷ ಕೋಟಿಯ ಲೆಕ್ಕದಲ್ಲಿ ಮನೆಗಳು ಬೇಕಾಗಿ ಮೆಮೊರಿಯೇ ಸಾಲದಾಗುತ್ತದೆ. 1972ರಲ್ಲಿ ರಿಚರ್ಡ್ ಕಾರ್ಪ್ ಪಟ್ಟಿ ಮಾಡಿದ 21 ಕಠಿಣ ಸಮಸ್ಯೆಗಳಲ್ಲಿ ಈ ಸಮಪಾಲಿನ ಲೆಕ್ಕವೂ ಒಂದು. ಅಂಕಿಗಳು ಎಷ್ಟೇ ಉದ್ದವಿದ್ದರೂ ಬೇಗ ಬಿಡಿಸುವ ವಿಧಾನ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ.

ದೊಡ್ಡ ಸಂಖ್ಯೆಗಳಿದ್ದು ಸುಮಾರಾಗಿ ಸಮವಾದರೂ ಸಾಕು ಎನ್ನುವವರಿಗೆ, ನರೇಂದ್ರ ಕರ್ಮಾರ್ಕರ್ ಮತ್ತು ಕಾರ್ಪ್ 1982ರಲ್ಲಿ ಕೊಟ್ಟ ಉಪಾಯವಿದೆ: ಅತಿ ದೊಡ್ಡ ಎರಡನ್ನು ತೆಗೆದು ಅವುಗಳ ವ್ಯತ್ಯಾಸವನ್ನು ಮರಳಿ ಪಟ್ಟಿಗೆ ಸೇರಿಸುತ್ತ, ಒಂದೇ ಸಂಖ್ಯೆ ಉಳಿಯುವವರೆಗೆ ಹೋಗುವುದು. ಹಾಗೆ ಉಳಿದದ್ದೇ ಎರಡು ಪಾಲುಗಳ ನಡುವಿನ ಅಂತರ. ನಿಖರ ಉತ್ತರವೇ ಬೇಕು, ಆದರೆ ಸಂಖ್ಯೆಗಳು ನಲವತ್ತರಷ್ಟೇ ಇವೆ ಎಂದಾದರೆ, 1974ರಲ್ಲಿ ಹೊರೊವಿಟ್ಸ್ ಮತ್ತು ಸಾಹ್ನಿ ತೋರಿಸಿದ ದಾರಿ ಒಳ್ಳೆಯದು. ಅರೇಯನ್ನು ಇಪ್ಪತ್ತು ಇಪ್ಪತ್ತಾಗಿ ಸೀಳಿ, ಪ್ರತಿ ಭಾಗದಿಂದ ಬರುವ ಹತ್ತು ಲಕ್ಷ ಚಿಲ್ಲರೆ ಮೊತ್ತಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುತ್ತಾರೆ. ಆಮೇಲೆ ಒಂದು ಪಟ್ಟಿಯನ್ನು ಚಿಕ್ಕದರಿಂದಲೂ ಇನ್ನೊಂದನ್ನು ದೊಡ್ಡದರಿಂದಲೂ ಓದುತ್ತ, ಎರಡೂ ಕೂಡಿ ಗುರಿಗಿಂತ ಹೆಚ್ಚಾದರೆ ದೊಡ್ಡದನ್ನು ಇಳಿಸಿ, ಕಡಿಮೆಯಾದರೆ ಚಿಕ್ಕದನ್ನು ಏರಿಸುತ್ತ ಹೋಗುತ್ತಾರೆ. ಅಲ್ಲಿ ಸಂಖ್ಯೆಗಳು ಎಷ್ಟೇ ದೊಡ್ಡವಿದ್ದರೂ ಕೆಲಸ ಹೆಚ್ಚುವುದಿಲ್ಲ.