ಯಾರೆಂದು ಕೇಳದ ಯಂತ್ರಗಳು

2015ರ ಡಿಸೆಂಬರ್ 23, ಮಧ್ಯಾಹ್ನ ಮೂರೂವರೆ ದಾಟಿತ್ತು. ಪಶ್ಚಿಮ ಉಕ್ರೇನಿನ ಇವಾನೊ-ಫ್ರಾಂಕಿವ್‌ಸ್ಕ್ ಸೀಮೆಗೆ ಕರೆಂಟು ಹಂಚುವ ಕಂಪನಿಯ ಕಂಟ್ರೋಲ್ ರೂಮಿನಲ್ಲಿ, ಆಪರೇಟರ್ ಮುಟ್ಟದಿದ್ದರೂ ಪರದೆಯ ಮೇಲಿನ ಮೌಸ್ ಬಾಣ ಹರಿದಾಡತೊಡಗಿತು. ನೇರ ಒಂದು ಸಬ್‌ಸ್ಟೇಷನ್ನಿನ ಬ್ರೇಕರ್ ಬಳಿ ಹೋಗಿ ಅದನ್ನು ತೆರೆಯಿತು. ‘ಖಚಿತವೇ?’ ಎಂದು ಕಂಪ್ಯೂಟರ್ ಕೇಳಿದ್ದಕ್ಕೆ ಹೌದೆಂದೂ ಒತ್ತಿತು. ಆ ಊರುಗಳ ದೀಪ ಆರಿತು. ಆಪರೇಟರ್ ಮೌಸ್ ಹಿಡಿದು ಎಳೆದಾಡಿದರೂ ಬಾಣ ಅವರ ಮಾತು ಕೇಳಲಿಲ್ಲ. ಅಷ್ಟರಲ್ಲಿ ಅವರು ಲಾಗಿನ್‌ನಿಂದಲೇ ಹೊರಬಿದ್ದಿದ್ದರು. ಮತ್ತೆ ಒಳಬರಲು ನೋಡಿದರೆ ಪಾಸ್‌ವರ್ಡ್ ಬದಲಾಗಿತ್ತು.

ಅಂದು ಮೂರು ವಿತರಣಾ ಕಂಪನಿಗಳ ಮೇಲೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ದಾಳಿಯಾಗಿ, ಸುಮಾರು 2,25,000 ಗ್ರಾಹಕರ ಮನೆ ಕತ್ತಲಾಯಿತು. ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೇ ಹೋಗಿ ಬ್ರೇಕರ್‌ಗಳನ್ನು ಕೈಯಲ್ಲೇ ಹಾಕಿದ್ದರಿಂದ ಕೆಲವು ಗಂಟೆಗಳಲ್ಲಿ ಕರೆಂಟು ಬಂತು.

ಆಫೀಸಿನ ನೆಟ್‌ವರ್ಕ್ ಮತ್ತು ಕಂಟ್ರೋಲ್ ರೂಮಿನ ನೆಟ್‌ವರ್ಕ್ ಒಂದೇ ಆಗಿದ್ದವು, ಅದಕ್ಕೇ ಹೀಗಾಯಿತು ಎಂದುಕೊಂಡರೆ ತಪ್ಪು. ನಡುವೆ ಫೈರ್‌ವಾಲ್ ಇತ್ತು. ದಾಳಿಕೋರರು ಅದನ್ನು ಒಡೆಯಲಿಲ್ಲ. ತಿಂಗಳುಗಳ ಮುಂಚೆಯೇ ಆಫೀಸಿನವರಿಗೆ ಇಮೇಲಿನಲ್ಲಿ ಕಡತಗಳು ಬಂದಿದ್ದವು. ತೆರೆದು, ಮ್ಯಾಕ್ರೋಗೆ ಅನುಮತಿ ಕೊಟ್ಟವರ ಕಂಪ್ಯೂಟರಿಗೆ ಬ್ಲ್ಯಾಕ್‌ಎನರ್ಜಿ ಎಂಬ ಕುತಂತ್ರಾಂಶ ಇಳಿಯಿತು. ಅಲ್ಲಿ ಕೂತು ದಾಳಿಕೋರರು ಬಳಕೆದಾರರ ಹೆಸರು, ಪಾಸ್‌ವರ್ಡ್ ಕಲೆಹಾಕಿದರು. ಕಂಟ್ರೋಲ್ ನೆಟ್‌ವರ್ಕಿಗೆ ದೂರದಿಂದಲೇ ಲಾಗಿನ್ ಆಗಲು ನೌಕರರಿಗೆ ವಿಪಿಎನ್ ಸೌಕರ್ಯವಿತ್ತು. ಅದು ಪಾಸ್‌ವರ್ಡ್ ಬಿಟ್ಟು ಇನ್ನೇನನ್ನೂ ಕೇಳುತ್ತಿರಲಿಲ್ಲ. ಫೋನಿಗೆ ಬರುವ ಒಟಿಪಿಯಂಥ ಎರಡನೇ ತಪಾಸಣೆ ಇರಲಿಲ್ಲ. ಗೋಡೆಯಲ್ಲಿದ್ದ ಬಾಗಿಲಿನಿಂದಲೇ, ನೌಕರರ ಹೆಸರಿನಲ್ಲೇ, ಅವರು ಒಳಬಂದರು.

ಮರುವರ್ಷ, 2016ರ ಡಿಸೆಂಬರ್ 17ರ ರಾತ್ರಿ, ಕೀವ್ ಬಳಿಯ ಒಂದು ಪ್ರಸರಣ ಕೇಂದ್ರ ನಿಂತಿತು. ಈ ಸಲ ಮೌಸ್ ಓಡಿಸುವ ಕೈ ಬೇಕಾಗಲಿಲ್ಲ. ಇಂಡಸ್ಟ್ರಾಯರ್ ಎಂದು ಆಮೇಲೆ ಹೆಸರಾದ ಕುತಂತ್ರಾಂಶವೇ ವಿದ್ಯುತ್ ಉಪಕರಣಗಳ ಪ್ರೋಟೊಕಾಲ್ ಬಲ್ಲದ್ದಾಗಿತ್ತು. ಬ್ರೇಕರ್ ತೆರೆಯುವ ಆದೇಶವನ್ನು ತಾನೇ ಕಳಿಸಬಲ್ಲದಾಗಿತ್ತು. ನನಗೆ ಎರಡರಲ್ಲಿ ಹೆಚ್ಚು ಭಯ ಹುಟ್ಟಿಸುವುದು ಇದೇ. ಉಪಕರಣದಲ್ಲಿ ಯಾವ ದೋಷವನ್ನೂ ಅದು ಹುಡುಕಬೇಕಾಗಿರಲಿಲ್ಲ. ಸರಿಯಾದ ಭಾಷೆಯಲ್ಲಿ ಸರಿಯಾದ ಆದೇಶ ಬಂತು, ಉಪಕರಣ ಪಾಲಿಸಿತು.

ಇದು ಹೇಗೆಂದು ತಿಳಿಯಲು ಇವುಗಳಲ್ಲೇ ತೀರಾ ಸರಳವಾದ ಮಾಡ್‌ಬಸ್ ಎಂಬ ಪ್ರೋಟೊಕಾಲನ್ನು ನೋಡಬಹುದು. ಪಂಪು, ವಾಲ್ವು, ಮೋಟಾರುಗಳನ್ನು ಆಡಿಸುವ ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರಿಗೆ ‘ಈ ಸ್ವಿಚ್ ಹಾಕು’ ಎನ್ನಲು ನೆಟ್‌ವರ್ಕಿನಲ್ಲಿ ಹೋಗುವುದು ಇಷ್ಟೇ:

```
00 01 00 00 00 06 01 05 00 0A FF 00
```

ಒಟ್ಟು 12 ಬೈಟ್. ಮೊದಲ ಆರು ಸಂದೇಶದ ಕ್ರಮಸಂಖ್ಯೆ, ಉದ್ದ ಇತ್ಯಾದಿ. ಆಮೇಲಿನ `01` ಯಾವ ಉಪಕರಣಕ್ಕೆ ಎಂಬುದು. `05` ಎಂದರೆ ಒಂದು ಸ್ವಿಚ್ಚಿನ ಸ್ಥಿತಿ ಬದಲಿಸು. `00 0A` ಆ ಸ್ವಿಚ್ಚಿನ ವಿಳಾಸ, `FF 00` ಎಂದರೆ ‘ಆನ್’. ಕಳಿಸಿದವರು ಯಾರು, ಅವರಿಗೆ ಆ ಅಧಿಕಾರ ಇದೆಯೇ ಎಂದು ಬರೆಯುವ ಜಾಗ ಇದರಲ್ಲಿ ಎಲ್ಲೂ ಇಲ್ಲ. ಪಾಸ್‌ವರ್ಡ್ ಇಲ್ಲ, ಗೂಢಲಿಪಿಯೂ ಇಲ್ಲ.

ಮಾಡಿದವರು ದಡ್ಡರೇನಲ್ಲ. ಮಾಡ್‌ಬಸ್ ಬಂದದ್ದು 1979ರಲ್ಲಿ. ಒಂದೇ ಶೆಡ್ಡಿನೊಳಗೆ ಎಳೆದ ತಂತಿಗೆ ಅದು ಸಾಕಾಗಿತ್ತು. ತಂತಿ ಮುಟ್ಟಬೇಕಾದರೆ ಕಾರ್ಖಾನೆಯ ಗೇಟು ದಾಟಿ ಬರಬೇಕಿತ್ತು. ಮುಂದೆ ಅದೇ ಸಂದೇಶವನ್ನು ಹಾಗೆಹಾಗೇ ಈಥರ್‌ನೆಟ್‌ಗೆ ಏರಿಸಿದರು. ತಂತಿ ಆಫೀಸಿನವರೆಗೂ ಬೆಳೆಯಿತು, ಸಂದೇಶ ಮಾತ್ರ ಇದ್ದಂತೆಯೇ ಉಳಿಯಿತು. ಭದ್ರತೆ ಸೇರಿಸಿದ ಹೊಸ ರೂಪಗಳು ಈಗ ಇವೆ. ಆದರೆ ಪಿಎಲ್‌ಸಿ ಒಮ್ಮೆ ಕೂರಿಸಿದರೆ ಹದಿನೈದು-ಇಪ್ಪತ್ತು ವರ್ಷ ದುಡಿಯುವ ಸಾಮಾನು. ಕೆಡದೆ ಓಡುತ್ತಿರುವುದನ್ನು ಯಾವ ಮಾಲೀಕರೂ ಸುಮ್ಮನೆ ಕಿತ್ತುಹಾಕುವುದಿಲ್ಲ.

ಹಾಗಿದ್ದರೆ ಆಫೀಸಿನ ಭದ್ರತಾ ಪದ್ಧತಿಗಳನ್ನೇ ಒಳಗೂ ತಂದರಾಯಿತಲ್ಲ ಎಂದರೆ, ಅದು ಇನ್ನೊಂದು ಅಪಾಯ. ನೆಟ್‌ವರ್ಕಿನಲ್ಲಿ ಯಾರ್ಯಾರಿದ್ದಾರೆ ಎಂದು ಎಲ್ಲ ವಿಳಾಸಗಳನ್ನೂ ಒಮ್ಮೆ ತಟ್ಟಿ ನೋಡುವುದು ಐಟಿ ವಿಭಾಗದ ನಿತ್ಯದ ಕೆಲಸ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ತನ್ನ ಕೈಪಿಡಿಯಲ್ಲಿ ದಾಖಲಿಸಿರುವ ಒಂದು ಘಟನೆಯಲ್ಲಿ, ಹೀಗೆ ತಟ್ಟಿದ್ದಕ್ಕೇ ಸುಮ್ಮನೆ ನಿಂತಿದ್ದ ಒಂಬತ್ತು ಅಡಿಯ ರೋಬೊ ತೋಳೊಂದು ಅರ್ಧ ಸುತ್ತು ಬೀಸಿತು. ಕೋಣೆಯಲ್ಲಿದ್ದವರು ತೋಳಿನ ಅಳವಿನಿಂದ ಆಚೆ ಇದ್ದುದು ಅದೃಷ್ಟ. ಮೂರು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೆ ಖಾತೆ ಮುಚ್ಚುವುದು ಬ್ಯಾಂಕಿಗೆ ಸರಿ. ಬಾಯ್ಲರ್ ಒತ್ತಡ ಏರುತ್ತಿರುವಾಗ ಗಾಬರಿಯಲ್ಲಿರುವ ಆಪರೇಟರಿಗೆ ಸಲ್ಲದು. ಆಫೀಸಿನಲ್ಲಿ ಮೊದಲು ಕಾಯಬೇಕಾದದ್ದು ಗುಟ್ಟು. ಇಲ್ಲಿ ಮೊದಲು ಕಾಯಬೇಕಾದದ್ದು ಹತ್ತಿರ ನಿಂತ ಮನುಷ್ಯರ ಜೀವ, ಆಮೇಲೆ ಯಂತ್ರದ ಓಟ. ತೇಪೆ ತಂತ್ರಾಂಶ ಹಾಕಬೇಕೆಂದರೂ ಸ್ಥಾವರ ನಿಲ್ಲಿಸುವ ವಾರ್ಷಿಕ ದುರಸ್ತಿಯವರೆಗೆ ಕಾಯಬೇಕಾಗುತ್ತದೆ.

ಯಾರೆಂದು ಕೇಳದ ಯಂತ್ರಕ್ಕೆ ಕೇಳಲು ಕಲಿಸಲಾಗದಿದ್ದರೆ, ಅದರ ಹತ್ತಿರ ಯಾರು ಸುಳಿಯಬಹುದು ಎಂಬುದನ್ನು ಹೊರಗಿನಿಂದ ಕಾಯಬೇಕು. ನೆಟ್‌ವರ್ಕನ್ನು ಭಾಗ ಮಾಡುವುದು ಇದಕ್ಕೇ. ಬರೀ ಎರಡು ಭಾಗ ಸಾಲದು. ನಡುವೆ ಎರಡೂ ಕಡೆ ಫೈರ್‌ವಾಲ್ ಇರುವ ಒಂದು ಮಧ್ಯವಲಯ ಬೇಕು. ಮ್ಯಾನೇಜರಿಗೆ ನಿನ್ನೆಯ ಉತ್ಪಾದನೆಯ ಅಂಕಿ ಬೇಕೆನ್ನಿ. ಅವರ ಕಂಪ್ಯೂಟರ್ ಪಿಎಲ್‌ಸಿಯನ್ನಾಗಲೀ ಕಂಟ್ರೋಲ್ ರೂಮಿನ ಸರ್ವರನ್ನಾಗಲೀ ಕೇಳಕೂಡದು. ಒಳಗಿನ ಸರ್ವರ್ ಅಂಕಿಗಳ ಪ್ರತಿಯನ್ನು ತಾನಾಗಿ ಮಧ್ಯವಲಯಕ್ಕೆ ತಂದಿಡುತ್ತದೆ, ಮ್ಯಾನೇಜರ್ ಆ ಪ್ರತಿಯನ್ನು ಓದುತ್ತಾರೆ. ಸಂಪರ್ಕ ಶುರುವಾಗುವುದು ಯಾವಾಗಲೂ ಒಳಗಿನಿಂದ. ಆಫೀಸಿನ ಕಂಪ್ಯೂಟರಿಗೆ ವೈರಸ್ ಹತ್ತಿದರೂ ಅದಕ್ಕೆ ಎಟುಕುವುದು ಪ್ರತಿ ಮಾತ್ರ.

ಒಳಗಡೆಯೂ ಮಾಡ್‌ಬಸ್ ಬಲ್ಲ ಫೈರ್‌ವಾಲ್ ಇಡಬಹುದು. ಬರೀ ಅಳತೆ ನೋಡಬೇಕಾದ ಕಂಪ್ಯೂಟರಿನಿಂದ `03`, ಅಂದರೆ ಓದುವ ಸಂದೇಶ ಬಂದರೆ ಬಿಡು, `05` ಬಂದರೆ ತಡೆ ಎಂದು ಅದಕ್ಕೆ ಹೇಳಿಡಬಹುದು. ಇನ್ನು ಯಂತ್ರ ಮಾರಿದ ಕಂಪನಿಯವರು ದೂರದಿಂದ ರಿಪೇರಿ ಮಾಡಬೇಕಾದರೆ, ಮಧ್ಯವಲಯದ ಒಂದೇ ಕಂಪ್ಯೂಟರಿನ ಮೂಲಕ, ಎರಡನೇ ತಪಾಸಣೆ ದಾಟಿ, ಕೇಳಿದಾಗ ಮಾತ್ರ ತೆರೆದು ಕೆಲಸ ಮುಗಿದೊಡನೆ ಮುಚ್ಚುವ ದಾರಿಯಲ್ಲಿ ಬರಬೇಕು. ಉಕ್ರೇನಿನಲ್ಲಿ ಇರದಿದ್ದುದು ಇದೇ.

ನಮ್ಮಲ್ಲೂ ಒಮ್ಮೆ ಈ ಗೋಡೆಯ ಮಾತು ಬಂದಿತ್ತು. 2019ರ ಅಕ್ಟೋಬರಿನಲ್ಲಿ ಕೂಡಂಕುಳಂ ಅಣುಸ್ಥಾವರದ ಕಡೆಯಿಂದ ಮೊದಲು ನಿರಾಕರಣೆ ಬಂತು. ಮರುದಿನ ಅಣುವಿದ್ಯುತ್ ನಿಗಮ, ಆಡಳಿತದ ಕೆಲಸಕ್ಕೆ ಬಳಸುವ, ಇಂಟರ್‌ನೆಟ್ ಇರುವ ನೆಟ್‌ವರ್ಕಿನ ಕಂಪ್ಯೂಟರೊಂದರಲ್ಲಿ ಕುತಂತ್ರಾಂಶ ಸಿಕ್ಕಿದ್ದು ನಿಜ, ಮುಖ್ಯ ಆಂತರಿಕ ನೆಟ್‌ವರ್ಕಿಗೂ ಅದಕ್ಕೂ ಸಂಬಂಧವಿಲ್ಲ ಎಂದಿತು.

ಗೋಡೆ ಸೋರುವುದು ಹೆಚ್ಚಾಗಿ ನಕ್ಷೆಯಲ್ಲಿ ಕಾಣದ ಕಡೆ. ಎರಡು ನೆಟ್‌ವರ್ಕಿಗೂ ಒಂದೊಂದು ಕೇಬಲ್ ಸಿಕ್ಕಿಸಿಕೊಂಡು ಕೂತ ಹಳೆಯ ಪಿಸಿ, ಪ್ಯಾನಲ್ಲಿನೊಳಗೆ ಯಾರೋ ಬಿಟ್ಟುಹೋದ 4ಜಿ ಮೋಡೆಮ್, ಎಂಜಿನಿಯರ್ ಹೊತ್ತು ತರುವ ಲ್ಯಾಪ್‌ಟಾಪ್, ಪೆನ್‌ಡ್ರೈವ್. ಇಂಟರ್‌ನೆಟ್ ಸೋಂಕದ ಇರಾನಿನ ನತಾಂಜ್ ಸ್ಥಾವರಕ್ಕೂ ಸ್ಟಕ್ಸ್‌ನೆಟ್ ಹೊಕ್ಕಿತ್ತು. ಪತ್ತೆಗೆ ಮಾತ್ರ ಆಫೀಸಿನವರಿಗೆ ಇಲ್ಲದ ಒಂದು ಅನುಕೂಲ ಇಲ್ಲಿದೆ. ಸ್ಥಾವರದ ನೆಟ್‌ವರ್ಕಿನಲ್ಲಿ ಅವೇ ಯಂತ್ರಗಳು ಸೆಕೆಂಡಿಗೊಮ್ಮೆ ಅದದೇ ಪ್ರಶ್ನೆ, ಅದದೇ ಉತ್ತರ ಹೇಳುತ್ತ ವರ್ಷಗಟ್ಟಲೆ ಕೂತಿರುತ್ತವೆ. ಯಾರನ್ನೂ ತಟ್ಟದೆ, ಸ್ವಿಚ್ಚಿನಿಂದ ಸಂದೇಶಗಳ ನಕಲು ತೆಗೆದು ಒಂದೆರಡು ವಾರ ಕೇಳಿಸಿಕೊಂಡರೆ ಸಾಕು, ಯಾರು ಯಾರೊಡನೆ ಏನು ಮಾತಾಡುತ್ತಾರೆಂಬ ಪಟ್ಟಿ ಬಹುಪಾಲು ಸಿದ್ಧ. ಆಮೇಲೆ ಒಂದು ನಡುರಾತ್ರಿ, ಈವರೆಗೆ ಓದುತ್ತ ಮಾತ್ರ ಇದ್ದ ವಿಳಾಸದಿಂದ ಮೊದಲ `05` ಹೊರಟರೆ, ಪಾಳಿಯಲ್ಲಿರುವವರ ಪರದೆಗೆ ಅದು ತಕ್ಷಣ ಬರುವಂತೆ ಮಾಡಬಹುದು.