ಶಂಶಾಬಾದ್ ಏರ್‌ಪೋರ್ಟಲ್ಲಿ ಜಿಎಂಆರ್ ಪಾಲು 63ಾ, 74ಾ?

ಊರಿಗೆ ಹೋಗೋಕೆ ನಾವೆಲ್ಲ ಓಡೋ ಶಂಶಾಬಾದ್ ಏರ್‌ಪೋರ್ಟಲ್ಲಿ ಜಿಎಂಆರ್ ಪಾಲೆಷ್ಟು? ಹಳೇ ಬರಹಗಳಲ್ಲಿ ಶೇ. 63, ಹೊಸದರಲ್ಲಿ ಶೇ. 74. ಷೇರು ಕೊಳ್ಳೋ ಮುಂಚೆ ನಾನು ಖಚಿತ ಮಾಡ್ಕೊಳ್ಳೋದು ಹೀಗೆ.

ಬಿಎಸ್‌ಇ ವೆಬ್‌ಸೈಟಲ್ಲಿ ಜಿಎಂಆರ್ ಏರ್‌ಪೋರ್ಟ್ಸ್ ಪ್ರಕಟಣೆಗಳಿಂದ 2023ರ ಮತ್ತು 2025ರ ಒಂದೊಂದು ಇನ್ವೆಸ್ಟರ್ ಪ್ರೆಸೆಂಟೇಶನ್ ಇಳಿಸ್ಕೊಳ್ಳಿ. ಎರಡರಲ್ಲೂ `GHIAL` ಅಂತ ಹುಡುಕಿ. ಹೈದರಾಬಾದ್ ಏರ್‌ಪೋರ್ಟ್ ನಡೆಸೋ ಕಂಪನಿ ಅದು. ಪಾಲಿನ ವಿವರಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತೆ. ಮಲೇಶಿಯಾ ಏರ್‌ಪೋರ್ಟ್ಸ್ ತನ್ನ ಶೇ. 11 ಪಾಲನ್ನು 2024ರಲ್ಲಿ 10 ಕೋಟಿ ಡಾಲರಿಗೆ ಜಿಎಂಆರ್‌ಗೆ ಮಾರಿತು. ಉಳಿದ ಶೇ. 26ರಲ್ಲಿ ಏರ್‌ಪೋರ್ಟ್ಸ್ ಅಥಾರಿಟಿಗೂ ತೆಲಂಗಾಣ ಸರ್ಕಾರಕ್ಕೂ ಸಮಪಾಲು.

ಇಲ್ಲೊಂದು ಎಚ್ಚರ. 'ಕೊಳ್ಳಲಿದೆ' ಅನ್ನೋದೇ ಬೇರೆ, 'ಕೊಂಡಿದೆ' ಅನ್ನೋದೇ ಬೇರೆ. ಸ್ಲೈಡ್ ಅಸ್ಪಷ್ಟವಾಗಿದ್ರೆ ಆ ತ್ರೈಮಾಸಿಕದ ಅರ್ನಿಂಗ್ಸ್ ಕಾಲ್ ಟ್ರಾನ್ಸ್‌ಕ್ರಿಪ್ಟ್ ತೆಗೆದು `stake`, `Hyderabad` ಹುಡುಕಿ. ಆರಂಭದ ಭಾಷಣ ಕಂಪನಿಯೇ ಸಿದ್ಧ ಮಾಡಿದ್ದು. ವಿಶ್ಲೇಷಕರ ಪ್ರಶ್ನೆಗಳ ಭಾಗವನ್ನೂ ಓದಿ. ಕೊನೆಗೆ ಷೇರುಪೇಟೆಗೆ ಕೊಟ್ಟ ಪ್ರಕಟಣೆಯಲ್ಲಿ ಖರೀದಿ ಮುಗಿದ ದಿನಾಂಕ ನೋಡಿ.

ಪಾಲು ಹೆಚ್ಚಾಯ್ತು ಅಂತ ಒಟ್ಟು ಆದಾಯ ಶೇ. 11 ಏರಲ್ಲ. 63 ಇದ್ದಾಗಲೇ ಅದು ಅಂಗಸಂಸ್ಥೆ. ಅದರ ಆದಾಯ ಪೂರ್ತಿ ಸಮೂಹದ ಲೆಕ್ಕಕ್ಕೆ ಸೇರ್ತಿತ್ತು. ಬದಲಾಗೋದು ಲಾಭ-ನಷ್ಟದಲ್ಲಿ ಜಿಎಂಆರ್ ಷೇರುದಾರರಿಗೆ ಬರೋ ಭಾಗ. ಮೊದಲು ನೂರರಲ್ಲಿ 37 ರೂಪಾಯಿ ಬೇರೆಯವರದ್ದಾಗಿತ್ತು, ಈಗ 26. ಹಾಗಾಗಿ ಫಲಿತಾಂಶದಲ್ಲಿ ಆ ಸಾಲನ್ನೇ ನೋಡಿ.